ಚೀಲದ ಮೇಲಿನ 30 ರೂಪಾಯಿ ಯಾರ ತಲೆಯ ಮೇಲೆ?

ಸಿಂಧನೂರಿನಲ್ಲಿ ದಲಾಲಿ ಅಂಗಡಿ ನಡೆಸುವ ನನ್ನ ಸೋದರಮಾವ, ಮಾರುಕಟ್ಟೆ ಶುಲ್ಕದ ಮಾತು ಬಂದಾಗಲೆಲ್ಲ ಒಂದೇ ಉತ್ತರ ಕೊಡುತ್ತಾರೆ: "ಸೆಸ್ ಕಟ್ಟಾಂವ ಖರೀದಿದಾರ. ರೈತಂದು ಒಂದು ಪೈಸಾನೂ ಹೋಗಂಗಿಲ್ಲ." ಕಾನೂನಿನ ಮಟ್ಟಿಗೆ ಅವರ ಮಾತು ಸರಿ. ಎಪಿಎಂಸಿಯ ಶುಲ್ಕವನ್ನು ಕಟ್ಟಬೇಕಾದವನು ಖರೀದಿದಾರನೇ. ನಾನು ಈಗ ವಾಸವಾಗಿರುವ ಫಿಲಡೆಲ್ಫಿಯಾದಲ್ಲಿಯೂ ಇದೇ ಬಗೆಯ ಮಾತನ್ನು ಕೇಳಿದ್ದೇನೆ. ಇಲ್ಲಿ 2017ರ ಜನವರಿ 1ರಿಂದ ಸಿಹಿ ಪಾನೀಯಗಳ ಮೇಲೆ ಪ್ರತಿ ಔನ್ಸಿಗೆ ಒಂದೂವರೆ ಸೆಂಟ್ ತೆರಿಗೆ ಇದೆ. ಅದನ್ನು ಕಟ್ಟಬೇಕಾದವರು ಅಂಗಡಿಗಳಿಗೆ ಸರಕು ಒದಗಿಸುವ ವಿತರಕರು; ಆದ್ದರಿಂದ "ಅದು ಕಂಪನಿಯವರ ತೆರಿಗೆ, ಗಿರಾಕಿಯದಲ್ಲ" ಎಂದು ಹೇಳುವವರು ಇಲ್ಲಿಯೂ ಸಿಗುತ್ತಾರೆ. ಎರಡೂ ಊರುಗಳಲ್ಲಿ ತಪ್ಪು ಒಂದೇ: ಹಣವನ್ನು ಯಾರ ಕೈ ಎಣಿಸಿ ಕೊಡುತ್ತದೆ ಎಂಬುದನ್ನು ನೋಡಿ, ಯಾರ ಜೇಬು ಖಾಲಿಯಾಗುತ್ತದೆ ಎಂದು ತೀರ್ಮಾನಿಸಿಬಿಡುವುದು.

ಲೆಕ್ಕ ಮಾಡಿ ನೋಡೋಣ. ನಮ್ಮ ಮಾರುಕಟ್ಟೆ ಶುಲ್ಕ ವಾಸ್ತವದಲ್ಲಿ ಮೌಲ್ಯದ ಶೇಕಡಾವಾರು ಲೆಕ್ಕದಲ್ಲಿದೆ. ಸರಳತೆಗಾಗಿ ನಾನು ಅದನ್ನು ಚೀಲಕ್ಕೆ ಇಷ್ಟು ಎಂದು ಹಿಡಿಯುತ್ತೇನೆ, ಅಂಕಿಗಳೂ ಕಲ್ಪಿತವೇ. ಒಂದು ಮಾರುಕಟ್ಟೆಗೆ ವಾರಕ್ಕೆ 75 ಕಿಲೋದ 10,000 ಚೀಲ ಭತ್ತ ಬರುತ್ತದೆ, ಶುಲ್ಕವೇ ಇಲ್ಲದಿದ್ದಾಗ ಚೀಲದ ದರ 1,600 ರೂಪಾಯಿ ಎಂದುಕೊಳ್ಳಿ. ಖರೀದಿದಾರನ ವೆಚ್ಚ ಒಂದು ರೂಪಾಯಿ ಏರಿದರೆ ಮಿಲ್ಲಿನವರು 100 ಚೀಲ ಕಡಿಮೆ ಕೊಳ್ಳುತ್ತಾರೆ, ಏಕೆಂದರೆ ಅವರಿಗೆ ಕಾರಟಗಿಯೂ ಇದೆ, ಗಂಗಾವತಿಯೂ ಇದೆ, ಮಾನ್ವಿಯೂ ಇದೆ. ರೈತನಿಗೆ ಸಿಗುವ ದರ ಒಂದು ರೂಪಾಯಿ ಇಳಿದರೆ ಮಾರುಕಟ್ಟೆಗೆ ಬರುವುದು 50 ಚೀಲವಷ್ಟೇ ಕಡಿಮೆಯಾಗುತ್ತದೆ. ಭತ್ತವನ್ನು ಬೇರೆಡೆಗೆ ಸಾಗಿಸುವುದು, ಮನೆಯಲ್ಲಿ ಕಾಯ್ದಿಡುವುದು ಅವನಿಗೆ ಅಷ್ಟು ಸುಲಭವಲ್ಲ. ಈಗ ಚೀಲಕ್ಕೆ 30 ರೂಪಾಯಿ ಶುಲ್ಕ ಬೀಳುತ್ತದೆ.

ಖರೀದಿದಾರನು ಶುಲ್ಕವನ್ನು ಪೂರ್ತಿ ತಾನೇ ಹೊತ್ತು ರೈತನಿಗೆ ಹಳೆಯ 1,600ನ್ನೇ ಕೊಟ್ಟರೆ ಅವನ ವೆಚ್ಚ 1,630 ಆಗುತ್ತದೆ. ಆ ದರಕ್ಕೆ ಮಿಲ್ಲಿನವರು 7,000 ಚೀಲ ಮಾತ್ರ ಕೇಳುತ್ತಾರೆ, ಆದರೆ ಪ್ರಾಂಗಣದಲ್ಲಿ 10,000 ಚೀಲ ಬಂದು ಬಿದ್ದಿರುತ್ತದೆ. ಉಳಿದ ರಾಶಿಯ ಎದುರು ಟೆಂಡರ್ ದರ ಇಳಿಯದೆ ನಿಲ್ಲುವುದಿಲ್ಲ. ಅದು ಇಳಿಯುತ್ತ ಹೋಗಿ, ಕೊಳ್ಳುವವರೂ ಮಾರುವವರೂ ಒಂದೇ ಪ್ರಮಾಣಕ್ಕೆ ಒಪ್ಪುವ ಜಾಗದಲ್ಲಿ ನಿಲ್ಲುತ್ತದೆ: ರೈತನಿಗೆ 1,580, ಶುಲ್ಕ ಸೇರಿ ಖರೀದಿದಾರನಿಗೆ 1,610, ಮಾರಾಟವಾದದ್ದು 9,000 ಚೀಲ. 30 ರೂಪಾಯಿಯಲ್ಲಿ ಖರೀದಿದಾರ ಹೊತ್ತದ್ದು 10, ರೈತ ಹೊತ್ತದ್ದು 20. ಕಾನೂನಿನ ಪ್ರಕಾರ ರೈತನಿಗೆ ಶುಲ್ಕವೇ ಇಲ್ಲ. ಅವನ ಪಟ್ಟಿಯಲ್ಲಿ ಸೆಸ್ ಎಂಬ ಸಾಲೂ ಇಲ್ಲ. ಆ 20 ರೂಪಾಯಿ ದರದೊಳಗೇ ಕರಗಿಹೋಗಿರುತ್ತದೆ.

ನಾಳೆ ಸರ್ಕಾರ ಕಾನೂನನ್ನು ತಿರುಗಿಸಿ ಶುಲ್ಕವನ್ನು ರೈತನೇ ಕಟ್ಟಬೇಕು ಎಂದರೆ ಏನಾಗುತ್ತದೆ? ಟೆಂಡರ್ ದರ 1,610 ಆಗುತ್ತದೆ, ರೈತ ಅದರಿಂದ 30 ಕೊಟ್ಟು 1,580 ಮನೆಗೆ ಒಯ್ಯುತ್ತಾನೆ. ಫಲಕದ ಮೇಲಿನ ದರ ಬದಲಾಯಿತೇ ಹೊರತು ಯಾರ ಕೈಯಲ್ಲಿ ಎಷ್ಟು ಉಳಿಯಿತು ಎಂಬುದು ಬದಲಾಗಲಿಲ್ಲ. ಹೊರೆಯನ್ನು ಹಂಚುವುದು ಶಾಸನವಲ್ಲ, ದರ ಬದಲಾದಾಗ ಬೇರೆಡೆಗೆ ತಿರುಗಿಕೊಳ್ಳಲು ಯಾರಿಗೆ ಎಷ್ಟು ಅವಕಾಶವಿದೆ ಎಂಬುದು. ಪಠ್ಯಪುಸ್ತಕಗಳು ಇದನ್ನು ಸ್ಥಿತಿಸ್ಥಾಪಕತ್ವ ಎನ್ನುತ್ತವೆ. ನಮ್ಮ ಲೆಕ್ಕದಲ್ಲಿ ಮಿಲ್ಲಿನವರು ತಿರುಗಿಕೊಳ್ಳುವ ವೇಗ ರೈತನ ಎರಡರಷ್ಟು. ಆದ್ದರಿಂದಲೇ ರೈತನ ಪಾಲಿನ ಹೊರೆ ಮಿಲ್ಲಿನವರ ಎರಡರಷ್ಟು.

ಇನ್ನು ಮಾರಾಟವಾಗದ ಆ 1,000 ಚೀಲಗಳ ವಿಷಯ. ಸರ್ಕಾರಕ್ಕೆ 9,000 ಚೀಲದಿಂದ 2,70,000 ರೂಪಾಯಿ ಬಂತು. ಅದು ರೈತರ ಮತ್ತು ಖರೀದಿದಾರರ ಕೈಯಿಂದ ಸರ್ಕಾರದ ಕೈಗೆ ದಾಟಿದ ಹಣ, ರಸ್ತೆಯೋ ಗೋದಾಮೋ ಆಗಿ ಮರಳಿ ಬರಬಹುದು. ಆದರೆ ಆಗದೇ ಹೋದ ವ್ಯಾಪಾರದ ಲಾಭ ಯಾರ ಕೈಗೂ ದಾಟುವುದಿಲ್ಲ. ಒಬ್ಬ ಮಿಲ್ಲಿನವನು ಒಂದು ಚೀಲಕ್ಕೆ 1,607ರ ತನಕ ಕೊಡಲು ಸಿದ್ಧನಿದ್ದ, ಒಬ್ಬ ರೈತ 1,588ಕ್ಕೆ ಇಳಿದರೂ ಕೊಡಲು ಸಿದ್ಧನಿದ್ದ ಎಂದುಕೊಳ್ಳಿ. ಇವರಿಬ್ಬರು ಸೇರಿದರೆ 19 ರೂಪಾಯಿಯ ಲಾಭವಿತ್ತು, ಅದನ್ನು ಹೇಗೆ ಹಂಚಿಕೊಂಡರೂ ಇಬ್ಬರಿಗೂ ಸಂತೋಷ. ನಡುವೆ 30 ರೂಪಾಯಿಯ ಶುಲ್ಕ ನಿಂತಾಗ 19ರಿಂದ 30ನ್ನು ಕೊಡಲಾಗದು, ಸೌದಾ ಮುರಿಯುತ್ತದೆ. ಸೌದಾ ಇಲ್ಲದ ಕಾರಣ ಸರ್ಕಾರಕ್ಕೂ ಶುಲ್ಕ ಬರಲಿಲ್ಲ. ಆ ರೈತ ಚೀಲವನ್ನು ಟ್ರ್ಯಾಕ್ಟರ್ ಬಾಡಿಗೆ ಕೊಟ್ಟು ದೂರಕ್ಕೆ ಒಯ್ದು ಮಾರಿದನೆಂದರೂ ಆ 19 ರೂಪಾಯಿ ಬಾಡಿಗೆ, ಡೀಸೆಲ್, ಕಾಯುವ ಹೊತ್ತುಗಳಲ್ಲಿ ಸವೆದು ಹೋಗುತ್ತದೆ. ಯಾರಿಗೂ ಸೇರದ ಈ ನಷ್ಟಕ್ಕೆ ಅರ್ಥಶಾಸ್ತ್ರಜ್ಞರು ಡೆಡ್‌ವೇಟ್ ಲಾಸ್ ಎನ್ನುತ್ತಾರೆ. ಮುರಿದುಬಿದ್ದ 1,000 ಸೌದಾಗಳ ಲಾಭ ಸೊನ್ನೆಯಿಂದ 30ರವರೆಗೆ ಹರಡಿಕೊಂಡಿದ್ದು, ಸರಾಸರಿ 15 ಆಗುತ್ತದೆ; ಒಟ್ಟು ನಷ್ಟ 15,000 ರೂಪಾಯಿ. ಈ ನಷ್ಟವನ್ನು ತೋರಿಸಲು ಕಾಲೇಜಿನಲ್ಲಿ ಬೇಡಿಕೆ-ಪೂರೈಕೆಯ ಗೆರೆಗಳ ನಡುವೆ ಕಪ್ಪುಹಲಗೆಯ ಮೇಲೆ ಬರೆಸಿದ ತ್ರಿಕೋನದ ವಿಸ್ತೀರ್ಣ ಎಂದರೆ ಇಷ್ಟೇ. (ರಾಯಚೂರಿನ ಕಾಲೇಜಿನಲ್ಲಿ ನಾನು ಆ ತ್ರಿಕೋನವನ್ನು ಉರುಹೊಡೆದೆನೇ ಹೊರತು ಅದರೊಳಗೆ ಚೀಲಗಳಿವೆ ಎಂದು ನನಗೆ ಹೊಳೆಯಲಿಲ್ಲ.)

2,70,000ದ ಪಕ್ಕದಲ್ಲಿ 15,000 ಚಿಕ್ಕದಾಗಿ ಕಾಣುತ್ತದೆ. ಶುಲ್ಕವನ್ನು ಇಮ್ಮಡಿಗೊಳಿಸಿ 60 ರೂಪಾಯಿ ಮಾಡಿದರೆ ಮುರಿಯುವ ಸೌದಾಗಳು 2,000, ಅವುಗಳ ಸರಾಸರಿ ಲಾಭ 30, ನಷ್ಟ 60,000 ರೂಪಾಯಿ. ತೆರಿಗೆ ಎರಡರಷ್ಟಾದಾಗ ವ್ಯರ್ಥ ನಾಲ್ಕರಷ್ಟಾಯಿತು. ಆದಾಯವಾದರೋ 8,000 ಚೀಲಕ್ಕೆ 4,80,000. ಅದು ಎರಡರಷ್ಟೂ ಆಗಲಿಲ್ಲ. ಒಂದೇ ಸರಕಿನ ಮೇಲೆ ದೊಡ್ಡ ತೆರಿಗೆ ಹೇರುವುದಕ್ಕಿಂತ ಹಲವು ಸರಕುಗಳ ಮೇಲೆ ಚಿಕ್ಕ ತೆರಿಗೆ ಹರಡುವುದರಲ್ಲಿ ವ್ಯರ್ಥ ಕಡಿಮೆ ಎನ್ನುವುದಕ್ಕೆ ಇದೇ ಕಾರಣ.

ಫಿಲಡೆಲ್ಫಿಯಾದ ರೀತಿಯಲ್ಲಿ ನನಗೆ ಮೆಚ್ಚುಗೆಯಾದದ್ದು, ಇಲ್ಲಿ ತೆರಿಗೆಯ ಹೊರೆ ಯಾರದೆಂಬುದನ್ನು ಕಾನೂನಿನ ಸಾಲಿನಲ್ಲಿ ಹುಡುಕದೆ ಅಂಗಡಿಯ ದರದಲ್ಲಿ ಅಳೆದರು ಎಂಬುದು. ತೆರಿಗೆಯ ಮೊದಲಿನ ಮತ್ತು ನಂತರದ ದರಗಳನ್ನು ಸುಮ್ಮನೆ ಹೋಲಿಸಿದರೆ ಸಾಲದು, ಏಕೆಂದರೆ ದರ ಬೇರೆ ಕಾರಣಕ್ಕೂ ಏರಿರಬಹುದು. ಆದ್ದರಿಂದ ಸಂಶೋಧಕರು ಅಂಥ ತೆರಿಗೆ ಇಲ್ಲದ ಬಾಲ್ಟಿಮೋರ್ ನಗರವನ್ನು ಪಕ್ಕದಲ್ಲಿಟ್ಟು ನೋಡಿದರು. ಮೊದಲ ವರ್ಷದ ಆ ಲೆಕ್ಕದಲ್ಲಿ, ಔಷಧಿ ಅಂಗಡಿಗಳಲ್ಲಿ ತೆರಿಗೆ ಪೂರ್ತಿಯಾಗಿ ಗಿರಾಕಿಯ ದರಕ್ಕೆ ಸೇರಿತ್ತು, ಸೂಪರ್ ಮಾರ್ಕೆಟ್‌ಗಳಲ್ಲಿ ಸೇರಿದ್ದು ಶೇ. 43ರಷ್ಟು ಮಾತ್ರ. ನಗರ ಒಂದೇ, ತೆರಿಗೆ ಒಂದೇ, ಹೊರೆಯ ಹಂಚಿಕೆ ಮಾತ್ರ ಬೇರೆ. ನಾನು ಇದನ್ನು ಓದುವುದು ಹೀಗೆ: ದಾರಿಯಲ್ಲಿ ಹೋಗುವಾಗ ಬಾಯಾರಿ ಮೂಲೆಯ ಔಷಧಿ ಅಂಗಡಿಗೆ ನುಗ್ಗಿದವನು ಒಂದು ಬಾಟಲಿಗಾಗಿ ಊರು ದಾಟುವುದಿಲ್ಲ; ವಾರದ ಸಂತೆಗೆ ಕಾರು ಹೊರಡಿಸಿದ ಸಂಸಾರ ಮಾತ್ರ ನಗರದ ಗಡಿಯಾಚೆಯ ಅಂಗಡಿಗೆ ಸುಲಭವಾಗಿ ತಿರುಗುತ್ತದೆ. ಎರಡು ಲೀಟರಿನ ಬಾಟಲಿಗೆ ತೆರಿಗೆಯೇ ಸುಮಾರು ಒಂದು ಡಾಲರ್ ಆಗುವಾಗ ತಿರುಗದೆ ಇರುವವರು ಯಾರು? ನಗರದೊಳಗೆ ಮಾರಾಟದ ಪ್ರಮಾಣ ಶೇ. 51ರಷ್ಟು ಇಳಿಯಿತು; ಆ ಇಳಿಕೆಯ ಸುಮಾರು ಕಾಲು ಭಾಗ ಗಡಿಯಾಚೆಯ ಅಂಗಡಿಗಳಲ್ಲಿ ಮತ್ತೆ ಕಾಣಿಸಿಕೊಂಡಿತು. ಆಚೆ ಹೋಗಿ ಬರಲು ಸುಟ್ಟ ಪೆಟ್ರೋಲು ನಮ್ಮ ರೈತನ ಟ್ರ್ಯಾಕ್ಟರ್ ಬಾಡಿಗೆಯ ಜಾತಿಯದೇ. ಉಳಿದ ಇಳಿಕೆಯನ್ನು ಮಾತ್ರ ನಾನು ಅದೇ ಉಸಿರಿನಲ್ಲಿ ವ್ಯರ್ಥ ಎನ್ನಲಾರೆ: ಕುಡಿಯುವವನೇ ಅಂದಾಜು ಮಾಡದ ಹಾನಿ ಸಕ್ಕರೆ ನೀರಿನಲ್ಲಿ ಇದ್ದರೆ, ಕುಡಿಯದೆ ಉಳಿದದ್ದರಲ್ಲಿ ಗಳಿಕೆಯೂ ಇದೆ, ಅದನ್ನು ನಷ್ಟದಿಂದ ಕಳೆಯಬೇಕು. ಭತ್ತಕ್ಕೆ ಈ ವಿನಾಯಿತಿ ಇಲ್ಲ. ಕಡಿಮೆ ಭತ್ತ ಮಾರಾಟವಾಗಲಿ ಎಂದು ಯಾರೂ ಸೆಸ್ ಹಾಕಿಲ್ಲ.

ಹೋದ ಸಲ ಊರಿಗೆ ಬಂದಾಗ ಈ 1,580ರ ಲೆಕ್ಕವನ್ನು ಮಾವನ ಮುಂದಿಟ್ಟೆ. ಅವರು ಪೂರ್ತಿ ಕೇಳಿ, "ನಿನ್ನ ಲೆಕ್ಕದಾಗ ರೈತ ಸಾವಿರ ಚೀಲ ಹಿಡದಿಟ್ಟಾನ. ಸುಗ್ಯಾಗ ಯಾವ ರೈತ ಹಿಡದಿಡ್ತಾನೋ ಅಳಿಯಾ?" ಎಂದರು. ಅವರು ತಮ್ಮ ಮೊದಲ ಮಾತನ್ನು ತಾವೇ ಮುರಿದುಕೊಂಡಿದ್ದರು, ನನ್ನ ಲೆಕ್ಕವನ್ನೂ ತಿದ್ದಿದ್ದರು. ಕೊಯ್ಲಿನ ಯಂತ್ರದ ಬಾಡಿಗೆ ಬಾಕಿ ಇದೆ, ಗೊಬ್ಬರದ ಸಾಲ ತೀರಬೇಕು, ಮೋಡ ಕಟ್ಟಿದೆ, ಕಣದಲ್ಲಿ ಹಸಿ ಭತ್ತ ಬಿದ್ದಿದೆ. ಅಂಥ ವಾರದಲ್ಲಿ ದರ 20 ಇಳಿಯಲಿ, 30 ಇಳಿಯಲಿ, 10,000 ಚೀಲವೂ ಬಂದೇ ಬರುತ್ತದೆ. ಆಗ ಖರೀದಿದಾರನ ವೆಚ್ಚ 1,600ರಲ್ಲೇ ನಿಲ್ಲುತ್ತದೆ, ರೈತನಿಗೆ 1,570 ಸಿಗುತ್ತದೆ, ಸರ್ಕಾರಕ್ಕೆ ಪೂರ್ತಿ 3,00,000 ಬರುತ್ತದೆ. ಮುರಿದ ಸೌದಾ ಒಂದೂ ಇಲ್ಲದ ಕಾರಣ ಡೆಡ್‌ವೇಟ್ ಲಾಸ್ ಸೊನ್ನೆ.

ವ್ಯರ್ಥವನ್ನಷ್ಟೇ ಅಳೆಯುವ ಕೋಲಿನಲ್ಲಿ ಇದು ಉತ್ತಮ ತೆರಿಗೆ. ನನ್ನ ತಕರಾರು ಇರುವುದು ಇಲ್ಲಿಯೇ: ತ್ರಿಕೋನ ಚಿಕ್ಕದಾಗುವುದು ಯಾರೋ ಒಬ್ಬನಿಗೆ ಬೇರೆ ದಾರಿ ಇಲ್ಲದಿದ್ದಾಗ, ಮತ್ತು ದಾರಿ ಇಲ್ಲದವನೇ ಇಡೀ ಹೊರೆಯನ್ನು ಹೊರುತ್ತಾನೆ. ಎಷ್ಟು ವ್ಯರ್ಥವಾಯಿತು ಮತ್ತು ಯಾರು ಹೊತ್ತರು ಎಂಬ ಎರಡು ಪ್ರಶ್ನೆಗಳನ್ನು ಬೇರೆ ಬೇರೆಯಾಗಿಯೇ ಕೇಳಬೇಕು. ಒಂದರ ಉತ್ತರವನ್ನು ಇನ್ನೊಂದರ ಜಾಗದಲ್ಲಿ ಇಡುವುದು ರೈತನಿಗೆ ದುಬಾರಿ ಬೀಳುತ್ತದೆ.

ಆ ಸೊನ್ನೆಯೂ ಒಂದು ಸುಗ್ಗಿಯ ಮಟ್ಟಿಗೆ ಮಾತ್ರ. ಕಣದಲ್ಲಿ ಬಿದ್ದ ಭತ್ತಕ್ಕೆ ದಾರಿ ಇಲ್ಲ, ಆದರೆ ಮುಂದಿನ ಹಂಗಾಮಿನ ಹೊಲಕ್ಕೆ ಇದೆ. ಕಾಲುವೆಯ ಕೊನೆಯ ಭಾಗದಲ್ಲಿ ನೀರು ತಲುಪುವುದೇ ಅನುಮಾನವಿರುವ ರೈತ, ಚೀಲಕ್ಕೆ 30 ಕಡಿಮೆ ಎಂಬ ಲೆಕ್ಕವನ್ನೂ ಸೇರಿಸಿಕೊಂಡು ಒಂದೆರಡು ಎಕರೆಯನ್ನು ಹತ್ತಿಗೋ ಜೋಳಕ್ಕೋ ತಿರುಗಿಸಬಹುದು. ಆಗ ಬರುವ ಚೀಲಗಳು ಕಡಿಮೆಯಾಗಿ, ಟೆಂಡರ್ ದರ ಸ್ವಲ್ಪ ಏರಿ, ಹೊರೆಯ ಒಂದು ಭಾಗ ಮಿಲ್ಲಿನತ್ತ ಸರಿಯುತ್ತದೆ. ಬೆಳೆಯದೇ ಉಳಿದ ಆ ಚೀಲಗಳೊಂದಿಗೆ ತ್ರಿಕೋನವೂ ಮತ್ತೆ ತೆರೆದುಕೊಳ್ಳುತ್ತದೆ.