ಹನ್ನೆರಡೂ ನಲವತ್ತರ ವಿಮಾನ, ಎರಡು ಗಂಟೆಯ ಕೋಣೆ

ನಮ್ಮ ಕುಟುಂಬದಲ್ಲಿ ಪ್ರವಾಸಕ್ಕೆ ಟಿಕೆಟ್ ಕಾಯ್ದಿರಿಸುವವರು ಹಲವರಿದ್ದಾರೆ, ಆದರೆ ಕಾಯ್ದಿರಿಸಿದ್ದನ್ನು ಕೂಡಿಸಿ ಒಂದು ಕಡೆ ಬರೆಯುವ ಹೊಣೆ ಮಾತ್ರ ನನ್ನದೊಬ್ಬನದೇ. ಈ ಸಲ ವಿಮಾನ ಮತ್ತು ಹೋಟೆಲನ್ನು ಭಾವನವರು ನೋಡಿಕೊಂಡರು, ರೈಲನ್ನು ಅಕ್ಕ, ವಸ್ತುಸಂಗ್ರಹಾಲಯದ ಪ್ರವೇಶ ಟಿಕೆಟನ್ನು ಚಿಕ್ಕಮ್ಮ. ಬಳಿಕ ಮೂವರೂ ತಮಗೆ ಬಂದ ಸಂದೇಶಗಳನ್ನೆಲ್ಲ ಕುಟುಂಬದ ಗುಂಪಿಗೆ ಸುರಿದರು. "ಎಲ್ಲಾ ಹಾಕಿದ್ದೇವೆ, ದಿನದ ಪ್ರಕಾರ ಒಂದು ಪಟ್ಟಿ ಮಾಡಿಬಿಡು, ಐದು ನಿಮಿಷದ ಕೆಲಸ" ಎಂದು ಅಕ್ಕ ಬರೆದಳು. ಐದು ನಿಮಿಷದ ಕೆಲಸವೆಂದು ಹೇಳುವವರು ಅದನ್ನು ಎಂದೂ ತಾವೇ ಮಾಡಿಕೊಳ್ಳದಿರುವುದೇಕೆ ಎಂಬುದು ನನಗೆ ಇನ್ನೂ ಬಿಡಿಸಲಾಗದ ಒಗಟು.

ನನಗಿಂತ ಮೊದಲೇ ಚಿಕ್ಕಮ್ಮನ ಮಗ ಒಂದು ಪಟ್ಟಿ ಮಾಡಿ ನೋಡಿದ್ದ. ಅದರ ಪ್ರಕಾರ ನಾವು ವಸ್ತುಸಂಗ್ರಹಾಲಯವನ್ನು ಹೊಕ್ಕುವುದು ರಾತ್ರಿ 9:12ಕ್ಕೆ, ಅದೂ ಪ್ರಯಾಣ ಹೊರಡುವುದಕ್ಕೆ ಎರಡು ವಾರ ಮುಂಚೆ. ಅವನ ತಪ್ಪೆನ್ನಲಾಗದು. ಗುಂಪಿನಿಂದ ಹಲವು ಸಂದೇಶಗಳನ್ನು ಒಟ್ಟಿಗೆ ಆಯ್ದು ನಕಲು ಮಾಡಿದಾಗ, ಪ್ರತಿಯೊಂದರ ನೆತ್ತಿಯ ಮೇಲೂ `[19/02, 9:12 pm]` ಎಂಬಂಥ ಒಂದು ಮುದ್ರೆಯೂ ಕಳುಹಿಸಿದವರ ಹೆಸರೂ ತಾವಾಗಿಯೇ ಬಂದು ಕೂರುತ್ತವೆ. ಅದು ಚಿಕ್ಕಮ್ಮ ಸಂದೇಶವನ್ನು ಗುಂಪಿಗೆ ಹಾಕಿದ ಹೊತ್ತೇ ಹೊರತು ಯಾವ ಬಾಗಿಲು ತೆರೆಯುವ ಹೊತ್ತೂ ಅಲ್ಲ. ಆದರೆ ಸಂದೇಶದಲ್ಲಿ ಎಲ್ಲಕ್ಕಿಂತ ಮೊದಲು ಕಣ್ಣಿಗೆ ಬೀಳುವ ದಿನಾಂಕವೂ ಸಮಯವೂ ಅದೇ. ಆದ್ದರಿಂದ ಅಂಟಿಸಿದ ಕೂಡಲೇ ನಾನು ಮಾಡುವ ಮೊದಲ ಕೆಲಸವೆಂದರೆ ಈ ಮುದ್ರೆಗಳನ್ನು ಒಂದೊಂದಾಗಿ ಅಳಿಸುವುದು. ಯಾವ ಸಂದೇಶ ಹಳೆಯದು, ಯಾವುದು ಹೊಸದು ಎಂಬುದನ್ನು ತಿಳಿಯುವುದಕ್ಕೂ ಅವು ನೆರವಾಗುವುದಿಲ್ಲ; ಭಾವನವರು ಹಳೆಯ ಸಂದೇಶವನ್ನು ಕೊನೆಗೆ ನೆನಪಿಸಿಕೊಂಡು ಕಳುಹಿಸಿದರೆ ಗುಂಪಿನಲ್ಲಿ ಅದೇ ಎಲ್ಲಕ್ಕಿಂತ ಹೊಸದಾಗಿ ಕಾಣಿಸುತ್ತದೆ.

ಮುದ್ರೆ ಅಳಿಸಿದ ಮೇಲೂ ಚಿಕ್ಕಮ್ಮನ ಟಿಕೆಟು ಸುಲಭಕ್ಕೆ ಬಗ್ಗಲಿಲ್ಲ. ಅದರಲ್ಲಿದ್ದ ಪ್ರವೇಶದ ದಿನಾಂಕ `03/07`. ಚಿಕ್ಕಮ್ಮ ಅದನ್ನು ಮಾರ್ಚ್ ಏಳು ಎಂದರು, ಅವರ ಮಗ ಜುಲೈ ಮೂರು ಎಂದ, ಇಬ್ಬರೂ ತಮ್ಮ ಮಾತಿಗೆ ಅಂಟಿಕೊಂಡರು. ಇಂಥ ಕಡೆ ಮನೆಯಲ್ಲಿ ಮತ ಎಣಿಸಿ ಪ್ರಯೋಜನವಿಲ್ಲ. ಅದೇ ಸಂದೇಶದ ಒಳಗೆ ಹನ್ನೆರಡಕ್ಕಿಂತ ದೊಡ್ಡ ಅಂಕಿಯುಳ್ಳ ಇನ್ನೊಂದು ದಿನಾಂಕವಿದೆಯೇ ಎಂದು ಹುಡುಕಬೇಕು. ಕೆಳಗೆ ಸಣ್ಣ ಅಕ್ಷರದಲ್ಲಿ, ಹಣ ಸಂದಾಯವಾದ ದಿನವೆಂದು `02/19` ಎಂದಿತ್ತು. ಹತ್ತೊಂಬತ್ತನೆಯ ತಿಂಗಳು ಇನ್ನೂ ಯಾವ ಪಂಚಾಂಗದಲ್ಲೂ ಬಂದಿಲ್ಲವಾದ್ದರಿಂದ ಈ ಟಿಕೆಟ್ ಮಾರಿದವರು ತಿಂಗಳನ್ನು ಮೊದಲು ಬರೆಯುವವರೆಂದು ತಿಳಿಯಿತು, ಚಿಕ್ಕಮ್ಮ ಗೆದ್ದರು. ಪಟ್ಟಿಯಲ್ಲಿ ನಾನು ತಿಂಗಳನ್ನು ಯಾವಾಗಲೂ ಅಕ್ಷರದಲ್ಲೇ, ಪಕ್ಕದಲ್ಲಿ ವಾರದ ಹೆಸರನ್ನೂ ಸೇರಿಸಿ ಬರೆಯುತ್ತೇನೆ: ಮಾರ್ಚ್ 7, ಶನಿವಾರ. ವಾರವೂ ತಾರೀಖೂ ಒಂದಕ್ಕೊಂದು ಹೊಂದದಿದ್ದರೆ ಎಲ್ಲೋ ಎಡವಟ್ಟಾಗಿದೆ ಎಂದು ಅಲ್ಲಿಯೇ ಗೊತ್ತಾಗುತ್ತದೆ.

ಇಷ್ಟಾದರೂ ಇವು ಸಣ್ಣಪುಟ್ಟ ಕಿರಿಕಿರಿಗಳೇ. ನಿಜವಾದ ಸ್ವಾರಸ್ಯ ಅಡಗಿದ್ದದ್ದು ಭಾವನವರ ವಿಮಾನ ಮತ್ತು ಹೋಟೆಲಿನ ನಡುವೆ.

ವಿಮಾನದ ಬಗ್ಗೆ ಎರಡು ಸಂದೇಶಗಳಿದ್ದವು. ಮೊದಲನೆಯದರಲ್ಲಿ ಮಾರ್ಚ್ 5ರಂದು 19:10ಕ್ಕೆ ಹೊರಟು 22:00ಕ್ಕೆ ಇಳಿಯುವುದೆಂದಿತ್ತು. ಎರಡನೆಯದು ವೇಳೆ ಬದಲಾದದ್ದನ್ನು ತಿಳಿಸುವ ಚುಟುಕು ಸಂದೇಶ. ಹೊರಡುವುದು ಮಾರ್ಚ್ 5ರಂದು `9:50 PM`, ಇಳಿಯುವುದು ಮಾರ್ಚ್ 6ರಂದು `12:40 AM`. ಹೋಟೆಲಿನ ಸಂದೇಶಗಳೂ ಎರಡು, ಎರಡರ ಮೇಲೂ ಒಂದೇ ದೃಢೀಕರಣ ಸಂಖ್ಯೆ. ಒಂದರಲ್ಲಿ ಮಾರ್ಚ್ 5ರಿಂದ 8ರವರೆಗೆ ಮೂರು ರಾತ್ರಿ ಎಂದಿದ್ದರೆ, ಇನ್ನೊಂದರಲ್ಲಿ 6ರಿಂದ 8ರವರೆಗೆ ಎರಡು ರಾತ್ರಿ ಎಂದಿತ್ತು. ಕೋಣೆ ಕೈಗೆ ಸಿಗುವುದು 14:00 ಗಂಟೆಯ ನಂತರ. ಸಂದೇಶದ ಒಡಲನ್ನಷ್ಟೇ ಅಂಟಿಸಿದ್ದರಿಂದ, ಇದು ತಿದ್ದುಪಡಿಯಾದ ಬುಕಿಂಗ್ ಎಂದು ಹೇಳುತ್ತಿದ್ದ ಶೀರ್ಷಿಕೆಯ ಸಾಲು ಹಾದಿಯಲ್ಲೇ ಉದುರಿಹೋಗಿತ್ತು.

"ಯಾವುದು ಸರಿ, ಭಾವ?" ಎಂದು ಕೇಳಿದೆ. ಅವರ ಉತ್ತರ ಕೇಳಿ ನನಗೆ ಅವರ ಮೇಲಿನ ಗೌರವ ಹೆಚ್ಚಾಯಿತೇ ಹೊರತು ಕಡಿಮೆಯಾಗಲಿಲ್ಲ. ವಿಮಾನದ ವೇಳೆ ಬದಲಾದದ್ದು ತಿಳಿದ ಕೂಡಲೇ ಅವರು ಯಾರೂ ಹೇಳುವ ಮೊದಲೇ ಹೋಟೆಲಿನ ತಾರೀಖನ್ನೂ ಮುಂದೂಡಿ, ಒಂದು ರಾತ್ರಿಯ ಬಾಡಿಗೆಯನ್ನು ಉಳಿಸಿದ್ದರು. "ಆರನೇ ತಾರೀಖು ಹನ್ನೆರಡೂ ನಲವತ್ತಕ್ಕೆ ಇಳಿಯುತ್ತೇವೆ. ಸಾಮಾನು ತೆಗೆದುಕೊಂಡು, ಊಟ ಮುಗಿಸಿಕೊಂಡು ಹೋಟೆಲಿಗೆ ಹೋಗುವಷ್ಟರಲ್ಲಿ ಎರಡು ಗಂಟೆ. ಸರಿಯಾಗಿ ಆ ಹೊತ್ತಿಗೇ ಕೋಣೆ ಕೊಡುತ್ತಾರೆ, ನೋಡಿದೆಯಾ!" ಎಂದರು. ಇದಕ್ಕಿಂತ ಅಚ್ಚುಕಟ್ಟಾದ ಯೋಜನೆಯನ್ನು ನಾನು ಕಂಡಿಲ್ಲ. ಅದರಲ್ಲಿದ್ದ ಕೊರತೆಯೆಂದರೆ, ಆ ಹನ್ನೆರಡೂ ನಲವತ್ತು ಮಧ್ಯಾಹ್ನದ್ದಲ್ಲ, ನಡುರಾತ್ರಿಯದು.

ಇದನ್ನು ಬಾಯಿಮಾತಿನಲ್ಲಿ ಒಪ್ಪಿಸುವುದು ಕಷ್ಟವಾಯಿತು. ಮಧ್ಯಾಹ್ನ ಹನ್ನೆರಡರ ಬಳಿ ಯಾವ ಅಕ್ಷರ ಬರುತ್ತದೆ, ಮಧ್ಯರಾತ್ರಿ ಹನ್ನೆರಡರ ಬಳಿ ಯಾವುದು ಎಂಬ ಚರ್ಚೆಯಲ್ಲಿ ಗುಂಪಿನ ಹಿರಿಯರೆಲ್ಲ ಪಾಲ್ಗೊಂಡರು. ಕೊನೆಗೆ ಸಹಾಯಕ್ಕೆ ಬಂದದ್ದು ಹಳೆಯ ಟಿಕೆಟ್ಟೇ. ಅದರಂತೆ 19:10ಕ್ಕೆ ಹೊರಟ ವಿಮಾನ 22:00ಕ್ಕೆ ಇಳಿಯಬೇಕಿತ್ತು, ಅಂದರೆ ಹಾರಾಟ 2 ಗಂಟೆ 50 ನಿಮಿಷದ್ದು. ಹೊಸ ವೇಳೆಯಲ್ಲಿ 21:50ಕ್ಕೆ ಅದೇ 2 ಗಂಟೆ 50 ನಿಮಿಷ ಕೂಡಿಸಿದರೆ 00:40 ಬರುತ್ತದೆ. ಭಾವನವರ ಲೆಕ್ಕದಂತೆ ಮರುದಿನ ಮಧ್ಯಾಹ್ನ ಇಳಿಯಬೇಕಾದರೆ ಅದೇ ವಿಮಾನ ಅದೇ ದಾರಿಯಲ್ಲಿ 14 ಗಂಟೆ 50 ನಿಮಿಷ ಹಾರುತ್ತಿರಬೇಕು. ನಮ್ಮ ಎರಡೂ ಊರುಗಳ ಗಡಿಯಾರ ಒಂದೇ ಆದ್ದರಿಂದ ಈ ಕೂಡು ಕಳೆ ನೇರವಾಗಿ ನಡೆಯಿತು. ದೇಶದಿಂದ ದೇಶಕ್ಕೆ ಹೋಗುವಾಗ ಟಿಕೆಟಿನ ಮೇಲಿರುವ ಎರಡೂ ಸಮಯಗಳು ಆಯಾ ಊರಿನ ಸ್ಥಳೀಯ ಸಮಯಗಳಾಗಿರುವುದರಿಂದ, ಒಂದರಿಂದ ಇನ್ನೊಂದನ್ನು ಕಳೆಯದೆ ಟಿಕೆಟಿನಲ್ಲೇ ಅಚ್ಚಾದ ಹಾರಾಟದ ಅವಧಿಯನ್ನು ನೋಡಬೇಕಾಗುತ್ತದೆ.

ದಿನವಾರು ಪಟ್ಟಿ ಹಾಕಿ, ಎಲ್ಲ ವೇಳೆಯನ್ನೂ ಇಪ್ಪತ್ನಾಲ್ಕು ಗಂಟೆಯ ಕ್ರಮದಲ್ಲಿ ಬರೆದಾಗ ಮಾರ್ಚ್ 6ರ ಪುಟ ಹೀಗೆ ಕಾಣುತ್ತಿತ್ತು: 00:40ಕ್ಕೆ ವಿಮಾನ ಇಳಿಯುವುದು, ಆಮೇಲೆ ಏನೂ ಇಲ್ಲ, ಆಮೇಲೂ ಏನೂ ಇಲ್ಲ, 14:00ಕ್ಕೆ ಕೋಣೆ. ನಡುವೆ 13 ಗಂಟೆ 20 ನಿಮಿಷ. ಬಿಡಿಬಿಡಿಯಾಗಿ ಓದಿದಾಗ ಎರಡೂ ಸಂದೇಶಗಳಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಒಂದರ ಕೆಳಗೆ ಒಂದಿಟ್ಟಾಗಲೇ ಅವುಗಳ ನಡುವೆ ನಾವು ಪೆಟ್ಟಿಗೆಗಳ ಮೇಲೆ ಕೂತು ತೂಕಡಿಸಬೇಕಾದ ಜಾಗ ಕಂಡದ್ದು. ಹೋಟೆಲಿನವರು ಎಣಿಸುವುದು ರಾತ್ರಿಗಳನ್ನು. 6ರ ನಸುಕಿಗೆ ಮೊದಲು ಮಲಗಬೇಕಾದವರು ಕೊಳ್ಳಬೇಕಾದದ್ದು 5ರ ರಾತ್ರಿಯನ್ನು, ಬಂದು ತಲುಪುವ ತಾರೀಖು ಯಾವುದೇ ಇರಲಿ. ಹೀಗಾಗಿ ಬಂದು ಸೇರಿದ ದಿನವನ್ನೇ ನೋಡಿ ಕೋಣೆ ಹಿಡಿಯುವವರು ಮಧ್ಯರಾತ್ರಿ ದಾಟಿ ಇಳಿಯುವಾಗ ತಪ್ಪದೆ ಒಂದು ರಾತ್ರಿ ಕಳೆದುಕೊಳ್ಳುತ್ತಾರೆ.

ಭಾವನವರು ಹೋಟೆಲಿಗೆ ಫೋನ್ ಮಾಡಿ 5ರ ರಾತ್ರಿಯನ್ನು ಮತ್ತೆ ಸೇರಿಸಿದರು. "ಫೋನ್ ಇಡುವ ಮೊದಲು, ನಾವು ಬರುವುದು ರಾತ್ರಿ ಎರಡರ ಸುಮಾರಿಗೆ ಎಂದೂ ಹೇಳಿಬಿಡಿ" ಎಂದೆ. ಅವರಿಗೆ ಅದು ಅನಗತ್ಯವೆನಿಸಿತು, ಹಣ ಕೊಟ್ಟಾಯಿತಲ್ಲ ಎಂಬುದು ಅವರ ವಾದ. ಆದರೆ 5ರ ಬುಕಿಂಗಿನವರು ಆ ದಿನ ಮುಗಿದರೂ ಬಾರದಿದ್ದರೆ, ಬರಲೇ ಇಲ್ಲವೆಂದು ಗುರುತು ಹಾಕಿ ಮುಂದಿನ ರಾತ್ರಿಗಳನ್ನೂ ರದ್ದು ಮಾಡುವ ಹೋಟೆಲುಗಳಿವೆ. ಬಾಡಿಗೆಯನ್ನೂ ಕಟ್ಟಿ ಕೋಣೆಯನ್ನೂ ಕಳೆದುಕೊಳ್ಳುವಷ್ಟು ಉದಾರಿಗಳು ನಮ್ಮಲ್ಲಿ ಯಾರೂ ಇಲ್ಲ. 00:40ರ ಸಾಲನ್ನು ಯಾವ ದಿನದ ಕೆಳಗೆ ಬರೆಯುವುದೆಂಬ ಪ್ರಶ್ನೆಗೆ ನನ್ನ ಉತ್ತರ ಎರಡೂ ಕಡೆ ಎಂಬುದು: 5ರ ಕೊನೆಯಲ್ಲಿ "ನಡುರಾತ್ರಿ ಕಳೆದು, ಅಂದರೆ 6 ಶುಕ್ರವಾರ" ಎಂದು ಒಮ್ಮೆ, 6ರ ತಲೆಯಲ್ಲಿ ಮತ್ತೊಮ್ಮೆ. ಪುನರುಕ್ತಿ ದೋಷವೆಂದು ವ್ಯಾಕರಣ ಬಲ್ಲ ಚಿಕ್ಕಪ್ಪ ಆಕ್ಷೇಪಿಸಿದರು, ನಾನು ಅಳಿಸಲಿಲ್ಲ.

ಇನ್ನು ಸಂಕೇತಗಳ ಮಾತು. ಏಜೆನ್ಸಿಯ ಮೂಲಕ ಕೊಂಡ ಒಂದೇ ವಿಮಾನ ಟಿಕೆಟಿನ ಮೇಲೆ ಮೂರು ಸಂಖ್ಯೆಗಳಿದ್ದವು. ಏಜೆನ್ಸಿಯವರ ಸ್ವಂತ ಆರ್ಡರ್ ಸಂಖ್ಯೆ ಎಲ್ಲಕ್ಕಿಂತ ಮೇಲೆ, ಎಲ್ಲಕ್ಕಿಂತ ದೊಡ್ಡದಾಗಿ. ಹದಿಮೂರು ಅಂಕಿಗಳ ಇ-ಟಿಕೆಟ್ ಸಂಖ್ಯೆ ನಡುವೆ. ವಿಮಾನಯಾನದವರ ಆರಕ್ಷರದ ಪಿಎನ್ಆರ್ ಕೆಳಗೆಲ್ಲೋ ಮೂಲೆಯಲ್ಲಿ ಸಂಕೋಚದಿಂದ. ಕೌಂಟರಿನಲ್ಲಾಗಲಿ ವಿಮಾನಯಾನದ ಜಾಲತಾಣದಲ್ಲಾಗಲಿ ಕೇಳುವುದು ಆ ಮೂಲೆಯದನ್ನು. ಭಾವನವರು ದೊಡ್ಡದನ್ನೇ ಹಾಕಿ ಹಾಕಿ, ಟಿಕೆಟೇ ನಕಲಿ ಇರಬೇಕೆಂಬ ತೀರ್ಮಾನದ ಹೊಸ್ತಿಲಿಗೆ ಬಂದು ನಿಂತಿದ್ದರು. ಆದ್ದರಿಂದ ಪಟ್ಟಿಯಲ್ಲಿ ಬರೀ "ಸಂಕೇತ" ಎಂದು ಬರೆಯದೆ ಅದು ಯಾರದು, ಎಲ್ಲಿ ತೋರಿಸಬೇಕಾದದ್ದು ಎಂದೂ ಬರೆದೆ. ಅಕ್ಕ ರೈಲಿನ ಸಂಕೇತವನ್ನು ಸ್ಕ್ರೀನ್‌ಶಾಟಿನಿಂದ ನೋಡಿ ಕೈಯಾರೆ ಟೈಪಿಸಿದ್ದಳು. ಅದರಲ್ಲಿದ್ದ ದುಂಡನೆಯದು ಸೊನ್ನೆಯೋ `O` ಅಕ್ಷರವೋ ಎಂದು ಕೇಳಿದ್ದಕ್ಕೆ "ದುಂಡಗಿದೆ" ಎಂದು ನಿಖರವಾಗಿ ಉತ್ತರಿಸಿದಳು. ಮೂಲ ಸಂದೇಶವನ್ನೇ ತರಿಸಿಕೊಂಡು, ಅಲ್ಲಿಂದ ನಕಲಿಸಿ, ದಪ್ಪಕ್ಷರಕ್ಕೆಂದು ಸುತ್ತ ಹಾಕಿದ್ದ ನಕ್ಷತ್ರ ಚಿಹ್ನೆಗಳನ್ನು ಕಿತ್ತುಹಾಕಿದೆ.

ವಿಳಾಸದಲ್ಲೂ ಇದೇ ಕಥೆ. ಹೋಟೆಲಿನ ರಸೀದಿಯ ಅಡಿಯಲ್ಲಿದ್ದದ್ದು ಕಂಪನಿಯ ನೋಂದಾಯಿತ ಕಚೇರಿಯ ವಿಳಾಸ, ಅದು ಬೇರೆಯೇ ಊರು. ನಾವು ಮಲಗಬೇಕಾದ ಕಟ್ಟಡದ ವಿಳಾಸವನ್ನು ಹೋಟೆಲಿನವರಿಂದಲೇ ಕೇಳಿ ಬರೆದೆ.

ಪೂರ್ತಿ ಪಟ್ಟಿ ಸಿದ್ಧವಾದಾಗ ಅದನ್ನು ಕುಟುಂಬದ ದೊಡ್ಡ ಗುಂಪಿಗೆ ಹಾಕಲು ನಾನು ಒಪ್ಪಲಿಲ್ಲ. ಆರಕ್ಷರದ ಸಂಕೇತವೂ ಪ್ರಯಾಣಿಕರ ಮನೆತನದ ಹೆಸರೂ ಗೊತ್ತಿದ್ದವರು ಸಾಮಾನ್ಯವಾಗಿ ಆ ಬುಕಿಂಗನ್ನು ತೆರೆಯಬಹುದು, ಎಷ್ಟೋ ಕಡೆ ಬದಲಿಸಲೂಬಹುದು; ನಮ್ಮ ಗುಂಪಿನಲ್ಲಿರುವವರ ಮನೆತನದ ಹೆಸರು ಒಂದೇ, ಸಹಾಯ ಮಾಡುವ ಉತ್ಸಾಹವೂ ಎಲ್ಲರಿಗೂ ಇದೆ. ಗುಂಪಿಗೆ ದಿನಾಂಕ, ವೇಳೆಗಳು ಮಾತ್ರ ಹೋದವು. ಸಂಕೇತಗಳಿರುವ ಪ್ರತಿಯನ್ನು ಪ್ರಯಾಣ ಮಾಡುವವರಿಗೆ ಮಾತ್ರ ಕಳುಹಿಸಿದೆ, ನೆಟ್‌ವರ್ಕ್ ಸಿಗದಿದ್ದರೆ ಇರಲಿ ಎಂದು ಒಂದನ್ನು ಕಾಗದದ ಮೇಲೂ ಮುದ್ರಿಸಿದೆ. ಭಾವನವರು ಎಲ್ಲವನ್ನೂ ಸಾವಧಾನವಾಗಿ ಓದಿ, ಚೆನ್ನಾಗಿದೆ, ಆದರೆ 6ನೇ ತಾರೀಖಿನ ಮಧ್ಯಾಹ್ನ ಖಾಲಿ ಕಾಣುತ್ತಿದೆ, ಅಲ್ಲಿಗೆ ಏನಾದರೂ ಬುಕ್ ಮಾಡಲೇ ಎಂದು ಕೇಳಿದರು.