ಭಾವನವರ ಪೋಲ್‌ಗೂ ನನ್ನ ಬಂಗುಡೆ ಲೆಕ್ಕಕ್ಕೂ ಏನು ಸಂಬಂಧ ಎಂದು ಕೇಳುವವರಿಗೆ

ಕುಟುಂಬದ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಪೋಲ್ ಹಾಕುವವರಿಗೆ ಮೊದಲು ಒಂದು ಪರೀಕ್ಷೆ ಇಡಬೇಕು. ಎರಡೇ ಪ್ರಶ್ನೆ ಸಾಕು. ಹಾಕಿದ ವೋಟು ಯಾರಿಗೆಲ್ಲ ಕಾಣುತ್ತದೆ? ಹಾಕಿದ ಮೇಲೆ ಬದಲಾಯಿಸಬಹುದೇ, ಇಲ್ಲವೇ? ಇವೆರಡಕ್ಕೆ ಉತ್ತರ ಗೊತ್ತಿಲ್ಲದವರು ಗುಡ್ ಮಾರ್ನಿಂಗ್ ಹೂವಿನ ಚಿತ್ರ ಕಳಿಸಿಕೊಂಡು ಇರಲಿ, ಯಾರಿಗೂ ನಷ್ಟವಿಲ್ಲ.

ಅಜ್ಜಿಗೆ 80 ತುಂಬಿತು. ಮಂಗಳೂರಿನಲ್ಲಿ ಒಂದು ಸಣ್ಣ ಸಭಾಂಗಣ ಹಿಡಿದು ಎಲ್ಲರೂ ಸೇರಿ ಊಟ ಮಾಡುವುದೆಂದಾಯಿತು. ಉಳಿದವರೆಲ್ಲ ಉಡುಪಿ, ಮುಂಬೈ, ದುಬೈ ಎಂದು ಚದುರಿರುವುದರಿಂದ ಊರಿನಲ್ಲಿರುವ ನನ್ನ ತಲೆಗೆ ಊಟದ ಹೊಣೆ ಬಂತು. ಅದಕ್ಕೆ ನನ್ನ ತಕರಾರಿಲ್ಲ. ಕ್ಯಾಟರಿಂಗ್‌ನವರು ಪರಿಚಯದವರೇ. ಎಷ್ಟು ಎಲೆ, ಅದರಲ್ಲಿ ಮೀನು ಮಾಂಸ ತಿನ್ನುವವರು ಎಷ್ಟು ಎಂದು ಹೇಳಿದರೆ ಅವರ ಕೆಲಸ ಅವರು ಮಾಡುತ್ತಾರೆ. ಆ ಎರಡು ಸಂಖ್ಯೆಗಾಗಿ ನಾನು ಒಬ್ಬೊಬ್ಬರಿಗೂ ಫೋನ್ ಮಾಡಲು ಹೊರಟಿದ್ದೆ. ಅಷ್ಟರಲ್ಲಿ ಮುಂಬೈಯಲ್ಲಿ ಕುಳಿತ ಅಕ್ಕನ ಗಂಡ, ನಮ್ಮ ಭಾವ, ‘ಯಾಕೆ ಸುಮ್ಮನೆ ಕಷ್ಟ? ನಾನು ಪೋಲ್ ಹಾಕುತ್ತೇನೆ, ಐದು ನಿಮಿಷದ ಕೆಲಸ’ ಎಂದರು.

ಹಾಕಿದರು. ಒಂದೇ ಪೋಲ್‌ನಲ್ಲಿ ನಾಲ್ಕು ಆಯ್ಕೆ: ಶನಿವಾರ ರಾತ್ರಿ, ಭಾನುವಾರ ಮಧ್ಯಾಹ್ನ, ಸಸ್ಯಾಹಾರ, ಮಾಂಸಾಹಾರ. ದಿನ ಕೇಳುವುದು ಒಂದು ಪ್ರಶ್ನೆ, ಊಟ ಕೇಳುವುದು ಇನ್ನೊಂದು ಪ್ರಶ್ನೆ ಎಂಬುದು ಬ್ಯಾಂಕಿನಲ್ಲಿ ಆಯುಷ್ಯ ಕಳೆದ ಮನುಷ್ಯನಿಗೆ ಹೊಳೆಯಲಿಲ್ಲ. ಪೋಲ್ ಬರೆಯುವ ಪರದೆಯ ಕೆಳಗೆ `Allow multiple answers` ಎಂಬ ಸ್ವಿಚ್ ಇರುತ್ತದೆ. ನಾವಾಗಿ ಆರಿಸದಿದ್ದರೆ ಅದು ಹೊತ್ತಿಕೊಂಡೇ ಇರುತ್ತದೆ, ಅಂದರೆ ಒಬ್ಬರು ಎಷ್ಟು ಆಯ್ಕೆಗೆ ಬೇಕಾದರೂ ಗುರುತು ಹಾಕಬಹುದು. ಫಲಿತಾಂಶ ನೋಡಿ: ಶನಿವಾರಕ್ಕೆ 14, ಭಾನುವಾರಕ್ಕೆ 22, ಸಸ್ಯಾಹಾರಕ್ಕೆ 17, ಮಾಂಸಾಹಾರಕ್ಕೆ 19. ಕೂಡಿಸಿದರೆ 72. ಗ್ರೂಪಿನಲ್ಲಿ ಇರುವುದೇ 41 ಜನ! ಒಳಹೊಕ್ಕು ನೋಡಿದರೆ ವೋಟು ಹಾಕಿದವರು 31. ಕೆಲವರು ಎರಡೂ ದಿನಕ್ಕೆ ಗುರುತು ಹಾಕಿದ್ದರು, ಕೆಲವರು ಎರಡೂ ಊಟಕ್ಕೆ. ಚಿಕ್ಕಪ್ಪನಂತೂ ನಾಲ್ಕಕ್ಕೂ ಹಾಕಿ ಕೈಮುಗಿದ ಚಿತ್ರ ಕಳಿಸಿದ್ದರು.

ಎಲ್ಲ ಕಡೆ ಒಂದೇ ಉತ್ತರ ಇರಬೇಕೆಂದು ನಾನು ಹೇಳುವುದಿಲ್ಲ. ಯಾವ ದಿನ ಬರಲು ಆಗುತ್ತದೆ ಎಂದು ಕೇಳುವಾಗ ಹಲವು ಉತ್ತರ ಇರುವುದೇ ಒಳ್ಳೆಯದು, ಎರಡೂ ದಿನ ಬಿಡುವಿರುವವರು ಎರಡಕ್ಕೂ ಹಾಕಲಿ. ಎಲೆಯ ಮೇಲೆ ಏನು ಬೀಳಬೇಕು ಎಂದು ಕೇಳುವಾಗ ಆ ಸ್ವಿಚ್ ಆರಿಸಬೇಕು. ಇಷ್ಟು ಹೇಳಿದ್ದಕ್ಕೆ ಭಾವ, ‘ಸರಿ, ತಿದ್ದುತ್ತೇನೆ’ ಎಂದರು. ಒಮ್ಮೆ ಕಳಿಸಿದ ಪೋಲ್ ಅನ್ನು ತಿದ್ದಲು ಬರುವುದಿಲ್ಲ ಭಾವಾ, ಪ್ರಶ್ನೆಯನ್ನೂ ಇಲ್ಲ, ಆಯ್ಕೆಯನ್ನೂ ಇಲ್ಲ ಎಂದೆ. ಆಗ ಅದನ್ನು ಎಲ್ಲರ ಮೊಬೈಲಿನಿಂದಲೂ ಅಳಿಸಿದರು. ಅದರೊಂದಿಗೆ ಬಿದ್ದ ವೋಟುಗಳೂ ಹೋದವು. ಹೊಸ ಪೋಲ್ ಬಂದಾಗ ಅರ್ಧದಷ್ಟು ಜನ ‘ನಾವು ಆಗಲೇ ಹಾಕಿ ಆಗಿದೆಯಲ್ಲ’ ಎಂದು ಸುಮ್ಮನೆ ಕುಳಿತರು. ಅವರನ್ನು ಎಬ್ಬಿಸಿ ವೋಟು ಹಾಕಿಸುವ ಕೆಲಸ ಯಾರದ್ದಾಯಿತು ಎಂದು ಬೇರೆ ಹೇಳಬೇಕಿಲ್ಲ.

ಅಸಲು ಉರಿ ಇರುವುದು ಎರಡನೆಯ ಪೋಲ್‌ನಲ್ಲಿ. ಭಾನುವಾರ ಮಧ್ಯಾಹ್ನವೆಂದು ನಿಶ್ಚಯವಾಗಿತ್ತು. ಉಳಿದದ್ದು ಸಸ್ಯವೋ ಮಾಂಸವೋ ಎಂಬ ಪ್ರಶ್ನೆ. ತುಳುವರ ಸೋಣ ತಿಂಗಳು ಬೇರೆ, ಮನೆಮನೆಯಲ್ಲಿ ಹೊಸ್ತಿಲು ಪೂಜೆಯ ಕಾಲ. ನಮ್ಮಲ್ಲಿ ದೊಡ್ಡಪ್ಪನ ಮನೆಯವರು ಸೋಣದಲ್ಲಿ ಮೀನು ಮುಟ್ಟುವುದಿಲ್ಲ, ನಮಗೆ ಅಂಥದ್ದೇನಿಲ್ಲ. ಇಂಥ ಸೂಕ್ಷ್ಮ ಇರುವ ಕಡೆ ಭಾವ ಪೋಲ್‌ನ ಕೆಳಗೆ ಏನು ಬರೆದರು ಗೊತ್ತೇ? ‘ಸಂಕೋಚ ಬೇಡ, ಯಾರು ಏನು ಹಾಕಿದ್ದೀರೆಂದು ನನಗೆ ಮಾತ್ರ ಕಾಣುತ್ತದೆ.’

ಯಾರು ಹೇಳಿದ್ದು ಇವರಿಗೆ? ಗ್ರೂಪಿನ ಪೋಲ್‌ನಲ್ಲಿ ಪೋಲ್ ಹಾಕಿದವರಿಗೆಂದು ವಿಶೇಷ ಕಣ್ಣೇನೂ ಇಲ್ಲ. ಕೆಳಗೆ `View votes` ಎಂದು ಇರುತ್ತದೆ. ಅದನ್ನು ಒತ್ತಿದರೆ ಯಾವ ಆಯ್ಕೆಗೆ ಯಾರು ಹಾಕಿದರು ಎಂದು ಹೆಸರು ಸಮೇತ ಸಾಲಾಗಿ ಬರುತ್ತದೆ. ಅದನ್ನು ಒತ್ತಲು ಅಡ್ಮಿನ್ ಆಗಿರಬೇಕಿಲ್ಲ, ತಾನೇ ವೋಟು ಹಾಕಿರಬೇಕೆಂದೂ ಇಲ್ಲ. ವಾಟ್ಸ್‌ಆ್ಯಪ್‌ನವರು ಸಂದೇಶಗಳು ಎನ್‌ಕ್ರಿಪ್ಟ್ ಆಗಿವೆ ಎನ್ನುವುದು ಗ್ರೂಪಿನ ಹೊರಗಿನವರ ವಿಷಯ. ಒಳಗಿರುವ ದೊಡ್ಡಪ್ಪನಿಂದ ಅದು ಯಾರನ್ನೂ ಕಾಪಾಡುವುದಿಲ್ಲ.

ತಮ್ಮನ ಹೆಂಡತಿ, ಮದುವೆಯಾಗಿ ವರ್ಷ ತುಂಬಿಲ್ಲ, ಭಾವನ ಮಾತನ್ನು ನಂಬಿ ಮಾಂಸಾಹಾರಕ್ಕೆ ಹಾಕಿದಳು. ದೊಡ್ಡಪ್ಪ ಹೆಸರುಗಳ ಪಟ್ಟಿ ತೆರೆದು, ಕನ್ನಡಕ ಏರಿಸಿ ಓದಿ, ಒಬ್ಬೊಬ್ಬರಿಗೂ ಫೋನ್ ಹಚ್ಚಿದರು. ಅವಳಿಗೆ ಹೇಳಿದ್ದು: ‘ನೋಡು ಮಗಾ, ಹೊಸ್ತಿಲು ಪೂಜೆ ಮಾಡುವ ಮನೆಗೆ ಬಂದವಳು ನೀನು.’ ಪಾಪದ ಹುಡುಗಿ ಅಳುತ್ತಾ ನನಗೆ ಫೋನ್ ಮಾಡಿದಳು. ವೋಟು ಗುಟ್ಟಾಗಿರುತ್ತದೆ ಎಂದು ಬರೆದು ಕೊಟ್ಟವರು ಆ ಹೊತ್ತಿಗೆ ಮುಂಬೈಯಲ್ಲಿ ಮಲಗಿದ್ದರು.

ಇನ್ನು ನನ್ನ ಬಂಗುಡೆಯ ಕಥೆ. ಬುಧವಾರ ರಾತ್ರಿ ಪೋಲ್‌ನಲ್ಲಿ ಮಾಂಸಾಹಾರಕ್ಕೆ 18, ಸಸ್ಯಾಹಾರಕ್ಕೆ 13 ಇತ್ತು. ಭಾವ ‘ಫೈನಲ್’ ಎಂದು ಬರೆದು ಹೆಬ್ಬೆರಳು ಎತ್ತಿದರು. ಅದರಂತೆ ನಾನು ಕ್ಯಾಟರಿಂಗ್‌ನವರಿಗೆ ಹೇಳಿ ಮುಂಗಡ ಕೊಟ್ಟೆ: ಕೋರಿ ರೊಟ್ಟಿ, ಬಂಗುಡೆ ಪುಳಿಮುಂಚಿ, ನೀರುದೋಸೆ, ಇತ್ತ ಸಸ್ಯಾಹಾರಿಗಳಿಗೆ ಪತ್ರೊಡೆ, ಅಲಸಂಡೆ ಪಲ್ಯ, ಪಾಯಸ. ಅವರು ದಕ್ಕೆಯಲ್ಲಿ ತಮ್ಮ ಮೀನಿನವನಿಗೆ ಹೇಳಿಟ್ಟರು, ಕೋಳಿಯನ್ನೂ ಹೇಳಿಟ್ಟರು. ಶುಕ್ರವಾರ ಯಾಕೋ ಅನುಮಾನ ಬಂದು ಪೋಲ್ ತೆರೆದರೆ ಮಾಂಸಾಹಾರ 9, ಸಸ್ಯಾಹಾರ 22.

ಒಂದೇ ಒಂದು ಸೂಚನೆ ಗ್ರೂಪಿಗೆ ಬಂದಿರಲಿಲ್ಲ. ಸಂದೇಶವನ್ನು ತಿದ್ದಿದರೆ ಪಕ್ಕದಲ್ಲಿ ತಿದ್ದಲಾಗಿದೆ ಎಂದು ಬರುತ್ತದೆ, ವೋಟು ಬದಲಾಯಿಸಿದರೆ ಅಂಥ ಯಾವ ಗುರುತೂ ಇರುವುದಿಲ್ಲ. ಇನ್ನೊಂದು ಆಯ್ಕೆಯನ್ನು ಮುಟ್ಟಿದರೆ ವೋಟು ಅಲ್ಲಿಗೆ ಹಾರುತ್ತದೆ, ಹಾಕಿದ್ದನ್ನೇ ಮತ್ತೆ ಮುಟ್ಟಿದರೆ ವೋಟೇ ಮಾಯ. ಹಿಂದೆ ಎಲ್ಲಿತ್ತು ಎಂಬ ದಾಖಲೆ ಎಲ್ಲಿಯೂ ಉಳಿಯುವುದಿಲ್ಲ. ಇದರಲ್ಲಿ ಮೋಸ ಹೋಗುವುದು ಹೇಗೆಂದರೆ, ಒಟ್ಟು ಮೊತ್ತ ಮೊದಲೂ 31, ಆಮೇಲೂ 31. ಎಷ್ಟು ಜನ ಹಾಕಿದ್ದಾರೆ ಎಂದಷ್ಟೇ ನೋಡುವವರಿಗೆ ಏನೂ ಬದಲಾದಂತೆ ಕಾಣುವುದಿಲ್ಲ. ದೊಡ್ಡಪ್ಪನ ಫೋನಿಗೆ ಹೆದರಿ ಒಂಬತ್ತು ಜನ ಈ ಕಡೆ ಬಂದಿದ್ದರು ಎಂದುಕೊಂಡಿದ್ದೆ. ವಿಚಾರಿಸಿದರೆ ಎಂಟೇ ಜನ. ಒಂಬತ್ತನೆಯವರು ಚಿಕ್ಕಪ್ಪ, ಹಳೆಯ ಸಂದೇಶ ಹುಡುಕಲು ಪರದೆ ಸರಿಸುವಾಗ ಹೆಬ್ಬೆರಳು ತಾಗಿ ಸಸ್ಯಾಹಾರಿಯಾಗಿದ್ದರು. ಬದಲಾಗಿದ್ದು ಅವರಿಗೇ ಗೊತ್ತಿರಲಿಲ್ಲ.

ಭಾವನವರ ಉತ್ತರ: ‘ನಾನು ಫೈನಲ್ ಎಂದು ಬರೆದಿದ್ದೆನಲ್ಲ!’ ನೀವು ಬರೆದರೆ ಪೋಲ್‌ಗೆ ತಿಳಿಯುತ್ತದೆಯೇ? ಈ ಪೋಲ್‌ಗೆ ಮುಗಿಯುವ ಗಡುವನ್ನೇ ಇಟ್ಟಿರಲಿಲ್ಲ. ಗಡುವಿಲ್ಲದ ಪೋಲ್ ಬಾಗಿಲು ಹಾಕದ ಅಂಗಡಿ, ಮಧ್ಯರಾತ್ರಿಯೂ ಯಾರಾದರೂ ಬಂದು ಸಾಮಾನು ಅದಲುಬದಲು ಮಾಡಿ ಹೋಗಬಹುದು.

ಇಷ್ಟರ ಮೇಲೆ ಆ 31 ಎಂಬ ಸಂಖ್ಯೆಯೇ ಊಟದ ಲೆಕ್ಕಕ್ಕೆ ಬಾರದ್ದು. ಪೋಲ್ ಎಣಿಸುವುದು ವಾಟ್ಸ್‌ಆ್ಯಪ್ ಖಾತೆಗಳನ್ನು. ದೊಡ್ಡಪ್ಪನ ಮನೆಯಿಂದ ಐದು ಜನ ಬರುವವರು, ಗ್ರೂಪಿನಲ್ಲಿ ಇರುವುದು ದೊಡ್ಡಪ್ಪ ಒಬ್ಬರೇ, ಆದ್ದರಿಂದ ಒಂದು ವೋಟು. ಅತ್ತೆಯ ಮನೆಯಲ್ಲಿ ನಾಲ್ವರೂ ಗ್ರೂಪಿನಲ್ಲಿದ್ದಾರೆ, ನಾಲ್ಕು ವೋಟು, ಬರುವವರು ಮಾತ್ರ ಇಬ್ಬರು, ಉಳಿದಿಬ್ಬರು ದುಬೈಯಲ್ಲಿ ಕುಳಿತು ಕೋರಿ ರೊಟ್ಟಿಗೆ ಹಾಕಿದ್ದಾರೆ! ಪೋಲ್ ಕಳಿಸಿದ ಮೇಲೆ ಗ್ರೂಪಿಗೆ ಸೇರಿದ ಚಿಕ್ಕಮ್ಮನ ಮೊಬೈಲಿನಲ್ಲಿ ಆ ಪೋಲ್ ಬರಲೇ ಇಲ್ಲ. ಅಜ್ಜಿಗಂತೂ ಸ್ಮಾರ್ಟ್‌ಫೋನೇ ಇಲ್ಲ. ಯಾರ ಹುಟ್ಟುಹಬ್ಬವೋ ಅವರ ವೋಟೇ ಬಿದ್ದಿಲ್ಲ. ಕೇಳಿದ್ದಕ್ಕೆ ಅಜ್ಜಿ, ‘ಬಂಗುಡೆ ಇದ್ದರೆ ಸಾಕು’ ಎಂದರು. ದೊಡ್ಡಪ್ಪ ಅಜ್ಜಿಗೆ ಫೋನ್ ಮಾಡಿ ಹೊಸ್ತಿಲು ಪೂಜೆ ನೆನಪಿಸಲಿ ನೋಡೋಣ.

ಟೆಲಿಗ್ರಾಮ್‌ನಲ್ಲಿ ಹಾಕಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ ಎಂದು ಸೋದರಳಿಯ ಈಗ ಬುದ್ಧಿ ಹೇಳುತ್ತಿದ್ದಾನೆ. ಅಲ್ಲಿ ಪೋಲ್ ಮಾಡುವಾಗ ಹೆಸರು ಮರೆಯಲ್ಲಿಡುವ ಆಯ್ಕೆ ಇದೆ, ಹಾಗೆ ಇಟ್ಟರೆ ಯಾರು ಯಾವುದಕ್ಕೆ ಹಾಕಿದರೆಂದು ಪೋಲ್ ಮಾಡಿದವರಿಗೂ ತಿಳಿಯುವುದಿಲ್ಲ. ಮಾಡಿದವರು ಪೋಲ್ ನಿಲ್ಲಿಸಲೂಬಹುದು. ಸರಿ, ಒಪ್ಪಿದೆ. ದೊಡ್ಡಪ್ಪನ ಮೊಬೈಲಿಗೆ ಟೆಲಿಗ್ರಾಮ್ ಹಾಕಿಸಿ ಕಲಿಸುವವರು ಯಾರು? ಅಲ್ಲದೆ ಹೆಸರೇ ಕಾಣದಿದ್ದರೆ ಆ ಐದು ಜನರ ಮನೆಯ ಒಂದು ವೋಟು ಯಾವುದು ಎಂದು ನಾನು ಹೇಗೆ ಹುಡುಕಲಿ? ಊಟದ ಎಣಿಕೆಗೆ ಹೆಸರು ಬೇಕು, ದೊಡ್ಡಪ್ಪನಿಂದ ತಪ್ಪಿಸಿಕೊಳ್ಳಲು ಹೆಸರು ಬೇಡ. ಎರಡೂ ಒಂದೇ ಪೋಲ್‌ನಲ್ಲಿ ಆಗುವುದಿಲ್ಲ.

ಕೋಳಿಯನ್ನು ಅರ್ಧಕ್ಕೆ ಇಳಿಸಲು ಕ್ಯಾಟರಿಂಗ್‌ನವರು ಒಪ್ಪಿದರು. ಹೇಳಿಟ್ಟ ಬಂಗುಡೆಯನ್ನು ಬಿಡಲಾಗುವುದಿಲ್ಲ, ಅದರ ಹಣ ಕೊಡಲೇಬೇಕು ಎಂದರು. ಅವರದ್ದು ನ್ಯಾಯವೇ. ಅದನ್ನು ಗ್ರೂಪಿನಲ್ಲಿ ಬರೆದ ಹತ್ತು ನಿಮಿಷಕ್ಕೆ ಭಾವ ಹೊಸ ಪೋಲ್ ಹಾಕಿದ್ದಾರೆ: ನಷ್ಟವನ್ನು ಎಲ್ಲ ಮನೆಯವರೂ ಹಂಚಿಕೊಳ್ಳುವುದೇ, ಮಾಂಸಾಹಾರಕ್ಕೆ ಹಾಕಿದವರು ಮಾತ್ರ ಕೊಡುವುದೇ? ಹೆಸರು ಕಾಣುವ ಪೋಲ್‌ನಲ್ಲಿ ಮಾಂಸಾಹಾರಕ್ಕೆ ಇನ್ನೂ ನಿಂತಿದ್ದ ಒಂಬತ್ತು ಜನರಲ್ಲಿ ನಾಲ್ವರು ಆಗಲೇ ಹಳೆಯ ಪೋಲ್‌ಗೆ ಹೋಗಿ ವೋಟು ತೆಗೆದಿದ್ದಾರೆ.

ನನ್ನ ಹತ್ತಿರ ಬುಧವಾರ ರಾತ್ರಿ ತೆಗೆದಿಟ್ಟ ಹೆಸರು ಪಟ್ಟಿಯ ಸ್ಕ್ರೀನ್‌ಶಾಟ್ ಇದೆ. ಪೋಲ್ ಯಾವುದಾದರೂ ಉಪಯೋಗಕ್ಕೆ ಬರಬೇಕಾದರೆ ಅದೊಂದೇ ದಾರಿ: ಇಂಥ ದಿನ ಇಷ್ಟು ಗಂಟೆಗೆ ಎಣಿಸುತ್ತೇವೆ ಎಂದು ಮೊದಲೇ ಬರೆದು, ಆ ಗಂಟೆಗೆ ಪಟ್ಟಿಯ ಚಿತ್ರ ತೆಗೆದು ಗ್ರೂಪಿಗೇ ಹಾಕಿ, ಆಮೇಲೆ ಹಾರಿದ ವೋಟನ್ನು ಲೆಕ್ಕಕ್ಕೆ ಹಿಡಿಯದಿರುವುದು. ಹದಿನೆಂಟು ಹೆಸರುಗಳೂ ಅದರಲ್ಲಿವೆ. ಹಣಕ್ಕೆ ಅದೇ ಲೆಕ್ಕ, ಅದರಲ್ಲಿ ಮೊದಲ ಹೆಸರು ಭಾವನವರದ್ದು.