“ಆಫರ್”, “ಫ್ರೀ” ಪದ ತೆಗೆದರೆ ಮೇಲ್ ಸ್ಪ್ಯಾಮ್‌ಗೆ ಹೋಗಲ್ವಾ?

“ಮೇಲ್‌ನ ಶೀರ್ಷಿಕೆಯಲ್ಲಿ ಆಫರ್, ಫ್ರೀ ಅಂತ ಇದ್ರೆ ಸ್ಪ್ಯಾಮ್‌ಗೆ ಹೋಗುತ್ತೆ. ತೆಗೆದುಬಿಡಿ, ಸೀದಾ ಇನ್‌ಬಾಕ್ಸ್‌ಗೆ ಬರುತ್ತೆ. ಎಲ್ಲ ಅಂಗಡಿಯವರಿಗೂ ಕಳಿಸಿ.”

ಇದು ತಪ್ಪು. ಪದಗಳ ಪಾತ್ರ ಸ್ವಲ್ಪ ಇದೆ, ಆದರೆ ಕಳಿಸುವವರು ಯಾರು ಎಂಬುದೇ ಮುಖ್ಯ.

ಬೀದರ್‌ನಲ್ಲಿ ಬಿದರಿ ಸಾಮಾನು ಮಾರುವ ಗೆಳೆಯರೊಬ್ಬರು ಆ ಪದಗಳನ್ನೆಲ್ಲ ತೆಗೆದು ನೋಡಿದರು. ಏನೂ ಬದಲಾಗಲಿಲ್ಲ. ಅವರ ಮೇಲನ್ನು ನನ್ನ ಜಿಮೇಲ್‌ನಲ್ಲಿ ತೆರೆದು, ಮೂರು ಚುಕ್ಕಿ ಒತ್ತಿ, Show original ನೋಡಿದೆ. ಹೀಗಿತ್ತು:

```
DKIM: 'FAIL'
DMARC: 'FAIL'
```

ಡಿಕಿಮ್ ಅಂದರೆ ಮೇಲ್‌ಗೆ ಹಾಕುವ ಸೀಲು. ಡಿಮಾರ್ಕ್ ಅಂದರೆ ಅದು ಕಳಿಸುವವರ ವಿಳಾಸದ ಡೊಮೈನ್‌ಗೆ ಹೊಂದುತ್ತದೆಯೇ ಎಂಬ ಪರೀಕ್ಷೆ. ಆ ಸೀಲನ್ನು ಪರೀಕ್ಷಿಸುವ ಕೀಲಿ ಅವರ ಡೊಮೈನ್‌ನ ಡಿಎನ್ಎಸ್‌ನಲ್ಲಿ, ಅಂದರೆ ಎಲ್ಲರೂ ನೋಡಬಹುದಾದ ದಾಖಲೆಯಲ್ಲಿ, ಇರಬೇಕು. ಕಾಪಿ ಮಾಡುವಾಗ ಕೀಲಿಯ ಕೊನೆಯ ಭಾಗವೇ ಬಿಟ್ಟುಹೋಗಿತ್ತು! ಪೂರ್ತಿ ಹಾಕಿದ ಮೇಲೆ ಎರಡೂ PASS ಆದವು.

ಆದರೂ ಅರ್ಧ ಮೇಲ್ ಸ್ಪ್ಯಾಮ್‌ಗೇ ಹೋದವು. ಸೀಲು ಹೇಳುವುದು ಮೇಲ್ ಅವರದೇ ಎಂದು ಮಾತ್ರ. ಅವರು ಒಳ್ಳೆಯವರು ಅಂತ ಅಲ್ಲ. ಅದನ್ನು ಹೇಳುವುದು ಓದುಗರು. ಇನ್‌ಬಾಕ್ಸ್ ತಲುಪಿದ 1000 ಮೇಲ್‌ಗಳಲ್ಲಿ 3 ಸಲ ಜನ “ಸ್ಪ್ಯಾಮ್” ಒತ್ತಿದರೂ ಜಿಮೇಲ್‌ನ 0.3 ಶೇಕಡಾ ಮಿತಿ ಮುಟ್ಟಿದಂತೆ. 1000ಕ್ಕೆ 1ಕ್ಕಿಂತ ಕಡಿಮೆ ಇರಲಿ ಅಂತ ಅದರ ಸಲಹೆ. ಗೆಳೆಯರ ಪಟ್ಟಿಯಲ್ಲಿ ಎಲ್ಲಿಂದಲೋ ಕೊಂಡ ವಿಳಾಸಗಳೇ ಜಾಸ್ತಿ. ಅವನ್ನೆಲ್ಲ ತೆಗೆಸಿದೆ. ಈಗ ಹೂದಾನಿ, ತಟ್ಟೆ ಕೊಂಡು, ತಾವಾಗಿಯೇ ವಿಳಾಸ ಬರೆದುಕೊಟ್ಟ ಗಿರಾಕಿಗಳಿಗೆ ಮಾತ್ರ ಕಳಿಸುತ್ತಾರೆ, “ಮೇಲ್ ಬೇಡ” ಎಂಬ ಲಿಂಕ್ ಜೊತೆಗೆ. ಕೆಟ್ಟ ಹೆಸರು ಒಂದೇ ದಿನಕ್ಕೆ ಹೋಗಲ್ಲ, ಕೆಲವು ವಾರ ಬೇಕು.